ಕರೆ ಮುಗಿದ ಮೇಲೆ ಗುಂಪಿಗೆ ಹಾಕುವ ಐದು ಸಾಲು: ಅಧ್ಯಯನ ಟಿಪ್ಪಣಿ

ಯೋಜನೆಯ ಕರೆ ಮುಗಿದ ಮೇಲೆ ಗುಂಪಿಗೆ ಹಾಕುವ ಸಂದೇಶ ಸಭೆಯ ನಡಾವಳಿ ಅಲ್ಲ. ಯಾರು ಏನು ಹೇಳಿದರು ಎಂಬುದು ಅದರಲ್ಲಿ ಬೇಡ. ಏನು ತೀರ್ಮಾನವಾಯಿತು, ಯಾರು ಯಾವಾಗ ಏನು ಮಾಡಬೇಕು, ಏನು ಬಾಕಿ ಇದೆ, ಇಷ್ಟೇ ಸಾಕು. ಕರೆಗೆ ಬಾರದವರೂ ಅದನ್ನು ಓದಿ ಕೆಲಸ ಶುರು ಮಾಡುವಂತಿರಬೇಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಪ್ರಥಮ ಚಿಕಿತ್ಸೆಯ ತರಬೇತಿ ನಡೆಸಲು 1ನೇ ತಾರೀಖು ಭಾನುವಾರ ಕರೆ ಆಗಿದೆ. ಮುಗಿದ ಕೂಡಲೇ ಸಾಮಾನ್ಯವಾಗಿ ಬರುವ ಸಂದೇಶ ಹೀಗಿರುತ್ತದೆ: “ಎಲ್ಲರಿಗೂ ನಮಸ್ಕಾರ, ಇವತ್ತಿನ ಕರೆಯಲ್ಲಿ ಭಾಗವಹಿಸಿದ್ದಕ್ಕೆ ಧನ್ಯವಾದಗಳು. ಚರ್ಚೆಯಾದಂತೆ ತರಬೇತಿಯನ್ನು ಮುಂದಿನ ವಾರದ ಶನಿವಾರ ನಡೆಸೋಣ ಎಂದು ಮಾತಾಯಿತು. ಹಾಲ್ ಬುಕ್ ಮಾಡಲಾಗುವುದು…”

ಇದರಲ್ಲಿ ಮೂರು ತೊಂದರೆಗಳಿವೆ. ಫೋನಿನ ನೋಟಿಫಿಕೇಶನ್‌ನಲ್ಲಿ ಕಾಣುವುದು ಮೊದಲ ಒಂದೆರಡು ಸಾಲು ಮಾತ್ರ. ಚಾಟ್‌ಗಳ ಪಟ್ಟಿಯಲ್ಲಿ ಇನ್ನೂ ಕಡಿಮೆ. ಆ ಜಾಗವನ್ನೆಲ್ಲ ನಮಸ್ಕಾರ, ಧನ್ಯವಾದಗಳೇ ತಿಂದುಬಿಟ್ಟಿವೆ. ಎರಡನೆಯದು, “ಮಾತಾಯಿತು” ಎಂದರೆ ತೀರ್ಮಾನವಾಯಿತೋ, ಬರೀ ಪ್ರಸ್ತಾಪವೋ ತಿಳಿಯುವುದಿಲ್ಲ. ಮೂರನೆಯದೇ ಹೆಚ್ಚು ಕೆಡಿಸುವುದು: “ಮಾಡಲಾಗುವುದು” ಎಂಬ ರೂಪದಲ್ಲಿ ಕರ್ತೃವೇ ಇಲ್ಲ. ಬೇರೆ ಯಾರೋ ಮಾಡುತ್ತಾರೆ ಎಂದು ಪ್ರತಿಯೊಬ್ಬರೂ ಅಂದುಕೊಳ್ಳುತ್ತಾರೆ, ಹಾಲ್ ಹಾಗೇ ಉಳಿಯುತ್ತದೆ.

ಅದನ್ನೇ ಐದು ಸಾಲಿಗೆ ತಂದರೆ:

```
*ತರಬೇತಿ ಶನಿವಾರ 14, ಬೆಳಿಗ್ಗೆ 10*
@ಸುಮಾ ಹಾಲ್ ಬುಕಿಂಗ್: ಮಂಗಳವಾರ 3
@ರವಿ 40 ಜನರ ಪಟ್ಟಿ: ಶುಕ್ರವಾರ 6
ಬಾಕಿ: ಊಟ ಬೇಕಾ? @ನಾಗೇಶ್ ಗುರುವಾರ 5
ಮುಂದಿನ ಕರೆ: ಭಾನುವಾರ 8, ಸಂಜೆ 7
```

ಮೊದಲ ಸಾಲು ತೀರ್ಮಾನ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಪೂರ್ಣ ವಾಕ್ಯ ಬರೆದರೆ ಮುಖ್ಯ ಸುದ್ದಿ ಸಾಲಿನ ಬಾಲಕ್ಕೆ ಹೋಗಿ ನೋಟಿಫಿಕೇಶನ್‌ನಲ್ಲಿ ಕತ್ತರಿಸಿಹೋಗಬಹುದು. ಆದ್ದರಿಂದ ಇಲ್ಲಿ ಕ್ರಿಯಾಪದವನ್ನೇ ಬಿಟ್ಟು ವಿಷಯ, ವಾರ, ತಾರೀಖು, ಹೊತ್ತು ಇಷ್ಟನ್ನೇ ಸಾಲಾಗಿ ಇಟ್ಟಿದೆ. ವಾಟ್ಸಾಪ್‌ನಲ್ಲಿ ಎರಡು ನಕ್ಷತ್ರಗಳ ನಡುವೆ ಬರೆದದ್ದು ದಪ್ಪಕ್ಷರವಾಗುತ್ತದೆ, ಆದರೆ ನಕ್ಷತ್ರಕ್ಕೂ ಪಕ್ಕದ ಅಕ್ಷರಕ್ಕೂ ನಡುವೆ ಜಾಗ ಬಿಟ್ಟರೆ ಆಗುವುದಿಲ್ಲ. ದಪ್ಪ ಒಂದೇ ಸಾಲಿಗೆ ಇರಲಿ. ಐದಕ್ಕೂ ಹಾಕಿದರೆ ಯಾವುದೂ ಎದ್ದು ಕಾಣುವುದಿಲ್ಲ.

ಎರಡನೆಯ, ಮೂರನೆಯ ಸಾಲುಗಳಲ್ಲಿ ಒಬ್ಬರು, ಒಂದು ಕೆಲಸ, ಒಂದು ಗಡುವು. ಹೆಸರನ್ನು @ ಒತ್ತಿ ಬರುವ ಪಟ್ಟಿಯಿಂದಲೇ ಆರಿಸಬೇಕು. ಕೈಯಿಂದ ಟೈಪಿಸಿದ ಹೆಸರು ಬರೀ ಅಕ್ಷರ, ಅವರಿಗೆ ಪ್ರತ್ಯೇಕ ಸೂಚನೆ ಹೋಗುವುದಿಲ್ಲ. “ನಾಳೆ”, “ನಾಡಿದ್ದು” ಬೇಡ. ಸಂದೇಶವನ್ನು ಮರುದಿನ ತೆರೆದವರಿಗೆ ನಾಳೆ ಎಂದರೆ ಇನ್ನೊಂದು ದಿನ. ವಾರ, ತಾರೀಖು ಎರಡನ್ನೂ ಬರೆದರೆ ಒಂದು ತಪ್ಪಿದಾಗ ಇನ್ನೊಂದು ಹಿಡಿದುಕೊಡುತ್ತದೆ. “ಮಂಗಳವಾರ 4” ಎಂದು ಬಂದರೆ ಯಾರಾದರೂ ಕೇಳಿಯೇ ಕೇಳುತ್ತಾರೆ.

ನಾಲ್ಕನೆಯ ಸಾಲನ್ನು ಬಿಡುವವರೇ ಹೆಚ್ಚು, ನನ್ನ ಲೆಕ್ಕದಲ್ಲಿ ಐದರಲ್ಲಿ ಅದಕ್ಕೇ ಹೆಚ್ಚು ಬೆಲೆ. ತೀರ್ಮಾನವಾಗದ ವಿಷಯ ಸಂದೇಶದಲ್ಲಿ ಇಲ್ಲದಿದ್ದರೆ, ಅದು ಮುಗಿದಿದೆ ಎಂದೇ ಜನ ತಿಳಿಯುತ್ತಾರೆ. ಪ್ರಶ್ನೆ ಬರೆದು ಉತ್ತರ ಹೇಳುವವರ ಹೆಸರನ್ನೂ ಸೇರಿಸಿದರೆ ಗುಂಪಿನಲ್ಲಿ ಇಪ್ಪತ್ತು ಜನ ಅಭಿಪ್ರಾಯ ಹೇಳಿ ವಿಷಯ ಎಳೆದಾಡುವುದೂ ತಪ್ಪುತ್ತದೆ.

ಐದನೆಯ ಸಾಲಿನ ಬಗ್ಗೆ ಹೇಳುವುದು ಕಡಿಮೆ. ಕರೆಯ ಲಿಂಕ್ ಇದ್ದರೆ ಅದನ್ನು ಬೇರೆ ಸಂದೇಶವಾಗಿ ಕೆಳಗೆ ಹಾಕಿ. ಇದರೊಳಗೇ ಸೇರಿಸಿದರೆ ಲಿಂಕ್‌ನ ಚಿತ್ರ ಮೇಲೆ ಕುಳಿತು ಅರ್ಧ ಪರದೆ ನುಂಗಬಹುದು.

ನೀವು ಬರೆದ ಸಾಲು ಬೇರೆ, ಪರದೆಯ ಸಾಲು ಬೇರೆ ಎಂಬುದು ನೆನಪಿರಲಿ. ಅಕ್ಷರ ದೊಡ್ಡದು ಮಾಡಿಕೊಂಡವರ ಫೋನಿನಲ್ಲಿ ನಿಮ್ಮ ಒಂದು ಸಾಲು ಎರಡು ಮೂರಾಗಿ ಮುರಿಯುತ್ತದೆ. ಕಳಿಸುವ ಮೊದಲು ನಿಮಗೆ ನೀವೇ ಕಳಿಸಿಕೊಂಡು, ಫೋನಿನ ಸೆಟ್ಟಿಂಗ್‌ನಲ್ಲಿ ಅಕ್ಷರ ದೊಡ್ಡದು ಮಾಡಿ ನೋಡಿ. ಎರಡಕ್ಕೆ ಮುರಿದರೆ ಚಿಂತೆಯಿಲ್ಲ. ಮೂರಾದರೆ ಆ ಸಾಲಿನಲ್ಲಿ ಎರಡು ವಿಷಯ ಸೇರಿಕೊಂಡಿವೆಯೇ ಎಂದು ಹುಡುಕಿ, ಬಹುಪಾಲು ಸಲ ಸಿಗುತ್ತದೆ.

ಕಳಿಸಿದ ಮೇಲೆ ತಪ್ಪು ಕಂಡರೆ? ವಾಟ್ಸಾಪ್‌ನಲ್ಲಿ 15 ನಿಮಿಷದೊಳಗೆ ತಿದ್ದಬಹುದು, ಆದರೆ ತಿದ್ದಿದ್ದಕ್ಕೆ ಹೊಸ ನೋಟಿಫಿಕೇಶನ್ ಹೋಗುವುದಿಲ್ಲ. ಕಾಗುಣಿತದ ತಪ್ಪಿಗೆ ಅದು ಸರಿ. ತಾರೀಖು ತಪ್ಪಿದ್ದರೆ ಮೊದಲೇ ಓದಿದವರ ತಲೆಯಲ್ಲಿ ಹಳೆಯದೇ ಉಳಿದಿರುತ್ತದೆ. ಆಗ ಅದೇ ಸಂದೇಶಕ್ಕೆ ರಿಪ್ಲೈ ಒತ್ತಿ, “ತಿದ್ದುಪಡಿ: ಹಾಲ್ ಬುಕಿಂಗ್ ಮಂಗಳವಾರ 3 ಅಲ್ಲ, ಬುಧವಾರ 4” ಎಂದು ಸುಮಾ ಅವರ ಹೆಸರಿನೊಂದಿಗೆ ಹಾಕಬೇಕು. ಪಿನ್ ಮಾಡುವಾಗ ಅವಧಿಯನ್ನೂ ನೋಡಿ: 24 ಗಂಟೆ, 7 ದಿನ, 30 ದಿನ ಎಂದು ಕೇಳುತ್ತದೆ. ಈ ತರಬೇತಿ 14ಕ್ಕೆ ಇರುವುದರಿಂದ 1ರಂದು 7 ದಿನ ಆರಿಸಿದರೆ ಕಾರ್ಯಕ್ರಮಕ್ಕೆ ಮೊದಲೇ ಪಿನ್ ಕಳಚಿಹೋಗುತ್ತದೆ, 30 ದಿನವನ್ನೇ ಒತ್ತಿ.