ಬೆಂಗಳೂರಿನ ಬ್ರೆಡ್ 99 ಡಿಗ್ರಿ ಮುಟ್ಟುವುದಿಲ್ಲ

ಬ್ರೆಡ್ ಬೆಂದಿದೆಯೇ ಎಂದು ತಿಳಿಯಲು ನಡುಭಾಗಕ್ಕೆ ಥರ್ಮಾಮೀಟರ್ ಚುಚ್ಚಿ ನೋಡಿ, ಹಾಲು ಬೆಣ್ಣೆ ಹಾಕದ ಸಾದಾ ಬ್ರೆಡ್ಡಾದರೆ 96ರಿಂದ 99 ಡಿಗ್ರಿ ಸೆಲ್ಸಿಯಸ್ ಇರಬೇಕು ಎಂದು ಹೊರದೇಶದ ಪಾಕವಿಧಾನಗಳು ಹೇಳುತ್ತವೆ. ಸಮುದ್ರ ಮಟ್ಟದ ಊರುಗಳಿಗೆ ಈ ಮಾತು ಸರಿ. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಇಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ನೀರು ಕುದಿಯುವುದೇ 97 ಡಿಗ್ರಿಗೆ. ಜಯನಗರದಲ್ಲೋ ಯಲಹಂಕದಲ್ಲೋ ಕುಳಿತು 99 ಬರಲಿ ಎಂದು ಕಾಯುವವರ ಬ್ರೆಡ್ ಒಣಗಿ ರಸ್ಕ್ ಆಗುತ್ತದೆಯೇ ಹೊರತು 99 ಬರುವುದಿಲ್ಲ. ಮಂಗಳೂರಿನಲ್ಲಿ ಅದೇ ಹಿಟ್ಟು, ಅದೇ ಓವನ್ ಇಟ್ಟರೆ ಬರಬಹುದು.

ಓವನ್ 230 ಡಿಗ್ರಿ ಇದ್ದರೂ ಒಳಗೇಕೆ 97? ಒಲೆಯ ಉರಿ ಎಷ್ಟೇ ಜೋರು ಮಾಡಿದರೂ ಅನ್ನದ ತಪ್ಪಲೆಯಲ್ಲಿ ನೀರಿರುವ ತನಕ ಅದರ ಬಿಸಿ ಕುದಿಯುವ ಬಿಂದುವನ್ನು ದಾಟುವುದಿಲ್ಲವಲ್ಲ, ಬ್ರೆಡ್ಡಿನ ತಿರುಳಿನಲ್ಲೂ ನಡೆಯುವುದು ಅದೇ. ಹೊರಗಿನಿಂದ ಬಂದ ಶಾಖವೆಲ್ಲ ನೀರನ್ನು ಆವಿ ಮಾಡುವುದರಲ್ಲೇ ಖರ್ಚಾಗುತ್ತದೆ. ಹಿಟ್ಟಿಗೆ ಹಾಕಿದ ಉಪ್ಪು ಕುದಿಯುವ ಬಿಂದುವನ್ನು ಸುಮಾರು ಅರ್ಧ ಡಿಗ್ರಿ ಮೇಲಕ್ಕೆ ತಳ್ಳುತ್ತದೆ, ಅಷ್ಟೇ. ನೀರು ಪೂರಾ ಆರಿದ ಹೊರಪದರ ಮಾತ್ರ ಈ ಮಿತಿಯಿಂದ ಪಾರಾಗಿ 140 ಡಿಗ್ರಿ ದಾಟುತ್ತದೆ. ಕಂದು ಬಣ್ಣ, ಸುಟ್ಟ ಘಮ ಹುಟ್ಟುವುದು ಅಲ್ಲಿ, ಪ್ರೊಟೀನ್ ಮತ್ತು ಸಕ್ಕರೆ ಸೇರಿ ನಡೆಯುವ ಮೈಯಾರ್ ಕ್ರಿಯೆಯಿಂದ.

ಇದರಿಂದ ಒಂದು ಅನುಕೂಲವೂ ಇದೆ. ಹೊಸ ಥರ್ಮಾಮೀಟರನ್ನು ಕುದಿಯುವ ನೀರಿಗೆ ಅದ್ದಿ, 97 ತೋರಿಸಿತೆಂದು ಅಂಗಡಿಗೆ ಹಿಂತಿರುಗಿಸಬೇಡಿ. ಬೆಂಗಳೂರಿನಲ್ಲಿ ಸರಿಯಾದ ಥರ್ಮಾಮೀಟರ್ ತೋರಿಸಬೇಕಾದ್ದು ಅದನ್ನೇ. 100 ತೋರಿಸಿದರೆ ಅನುಮಾನಪಡಿ. ಇನ್ನೊಂದು ತುದಿಗೆ, ಪುಡಿ ಮಾಡಿದ ಮಂಜುಗಡ್ಡೆಗೆ ಸ್ವಲ್ಪ ನೀರು ಬೆರೆಸಿ ಅದ್ದಿದರೆ ಸೊನ್ನೆ ಬರಬೇಕು.

ಹಾಗಾದರೆ ಬೆಂಗಳೂರಿನ ಬ್ರೆಡ್ ಬೇಯುವುದೇ ಇಲ್ಲವೇ? ಬೇಯುತ್ತದೆ, ಏಕೆಂದರೆ ಬೇಯಲು 99 ಡಿಗ್ರಿ ಬೇಕಾಗಿಯೇ ಇಲ್ಲ. ಹಿಟ್ಟು ಬಿಸಿಯಾಗುತ್ತಿದ್ದಂತೆ ಈಸ್ಟ್ ಮೊದಲು ಚುರುಕಾಗಿ ಅನಿಲ ಬಿಡುತ್ತದೆ, 55ರಿಂದ 60 ಡಿಗ್ರಿ ಹೊತ್ತಿಗೆ ಸಾಯುತ್ತದೆ. ಸುಮಾರು 60ರಿಂದ ಪಿಷ್ಟದ ಕಣಗಳು ನೀರು ಹೀರಿ ಉಬ್ಬತೊಡಗುತ್ತವೆ. 70 ದಾಟಿದ ಮೇಲೆ ಗ್ಲುಟನ್ ಗಟ್ಟಿಯಾಗುತ್ತದೆ. ನಡುಭಾಗ 90 ಮುಟ್ಟುವಷ್ಟರಲ್ಲಿ ಮೆತ್ತಗೆ ಜಗ್ಗುತ್ತಿದ್ದ ಹಿಟ್ಟು ತನ್ನ ಆಕಾರ ತಾನೇ ಹೊತ್ತುಕೊಳ್ಳುವ ತಿರುಳಾಗಿರುತ್ತದೆ. ಈ ಯಾವ ಅಂಕಿಯೂ ಊರಿನ ಎತ್ತರಕ್ಕೆ ತಕ್ಕಂತೆ ಬದಲಾಗುವುದಿಲ್ಲ. ಬದಲಾಗುವುದು ಮೇಲಿನ ಮಿತಿ ಮಾತ್ರ. ಹಾಲು, ಬೆಣ್ಣೆ, ಸಕ್ಕರೆ ಹಾಕಿದ ಮೆತ್ತನೆಯ ಬ್ರೆಡ್ಡಿಗೆ ಹೇಳುವ 88ರಿಂದ 90 ಡಿಗ್ರಿ ಇಲ್ಲೂ ಹಾಗೇ ನಡೆಯುತ್ತದೆ. ಸಾದಾ ಬ್ರೆಡ್ಡಿಗೆ 94ರಿಂದ 96 ಸಾಕು.

ತಳ ತಟ್ಟಿ ಟೊಳ್ಳು ಸದ್ದು ಬಂದರೆ ಬೆಂದಿದೆ ಎನ್ನುವವರಿದ್ದಾರೆ. 88 ಡಿಗ್ರಿಯ ಬ್ರೆಡ್ಡೂ 96ರದ್ದೂ ಹೆಚ್ಚುಕಡಿಮೆ ಒಂದೇ ಸದ್ದು ಮಾಡುತ್ತವೆ. ಒಳಗೆ ಗಾಳಿಗೂಡುಗಳಿವೆ ಎಂಬುದಷ್ಟೇ ಆ ಸದ್ದಿನ ಅರ್ಥ. ಕೇಕಿಗೆ ಚುಚ್ಚುವಂತೆ ಕಡ್ಡಿ ಚುಚ್ಚಿ ನೋಡುವುದಂತೂ ಬ್ರೆಡ್ಡಿನಲ್ಲಿ ಏನನ್ನೂ ಹೇಳದು.

ಇನ್ನು ಹಬೆ. ಹಬೆ ಹಾಕಿದರೆ ಬ್ರೆಡ್ ಮೆತ್ತಗಾಗುತ್ತದೆ ಎಂಬ ನಂಬಿಕೆ ತಲೆಕೆಳಗಾದದ್ದು. ಮೊದಲ ಹದಿನೈದಿಪ್ಪತ್ತು ನಿಮಿಷದ ಹಬೆಯೇ ತೆಳುವಾದ, ಮುರಿದರೆ ಚಟಚಟ ಎನ್ನುವ ಹೊರಪದರಕ್ಕೆ ಕಾರಣ. ಓವನ್ನಿಗೆ ಹೋದ ಹಿಟ್ಟಿನ ಮೈ ಇನ್ನೂ 25 ಡಿಗ್ರಿ ಆಸುಪಾಸಿನಲ್ಲಿರುತ್ತದೆ. ಹಬೆ ಆ ತಣ್ಣನೆಯ ಮೈಗೆ ತಾಗಿ ನೀರಾಗುತ್ತದೆ. ಆಗ ಪ್ರತಿ ಗ್ರಾಂ ಹಬೆ ಸುಮಾರು 540 ಕ್ಯಾಲೊರಿ ಗುಪ್ತೋಷ್ಣವನ್ನು ಬಿಟ್ಟುಕೊಡುತ್ತದೆ. ಒಂದು ಗ್ರಾಂ ನೀರನ್ನು 25ರಿಂದ 97ಕ್ಕೆ ಏರಿಸಲು ಬೇಕಾದದ್ದು 72 ಕ್ಯಾಲೊರಿ. ಅಂದರೆ ಹಬೆ ತಂದು ಸುರಿಯುವ ಶಾಖ ಅದರ ಏಳು ಪಟ್ಟಿಗೂ ಹೆಚ್ಚು. 220 ಡಿಗ್ರಿಯ ಒಣ ಗಾಳಿಗೆ ಕೈಯನ್ನು ಕ್ಷಣಕಾಲ ಒಡ್ಡಬಹುದು, 97 ಡಿಗ್ರಿಯ ಹಬೆಗೆ ಒಡ್ಡಿದರೆ ಬೊಬ್ಬೆ ಏಳುವುದು ಇದೇ ಕಾರಣಕ್ಕೆ.

ಶಾಖದ ಜೊತೆ ಆ ಹಬೆ ಹಿಟ್ಟಿನ ಮೈಮೇಲೆ ನೀರಿನ ತೆಳು ಪದರವನ್ನೂ ಬಿಟ್ಟುಹೋಗುತ್ತದೆ. ಮೈ ಒಣಗದೆ ಹಿಗ್ಗುವ ಸ್ಥಿತಿಯಲ್ಲಿದ್ದರೆ, ಒಳಗಿನ ಅನಿಲ ಹಿಗ್ಗಿದಂತೆ ಬ್ರೆಡ್ಡೂ ಹಿಗ್ಗುತ್ತದೆ. ಮೇಲ್ಮೈಯ ಪಿಷ್ಟ ಆ ನೀರಿನಲ್ಲಿ ಗಂಜಿಯಂತಾಗಿ, ಆಮೇಲೆ ಒಣಗಿ ಹೊಳಪು ಕೊಡುತ್ತದೆ. ಹಬೆ ಇಲ್ಲದಿದ್ದರೆ ಐದಾರು ನಿಮಿಷದಲ್ಲೇ ಮೇಲ್ಮೈ ಗಟ್ಟಿಯಾಗಿ, ಒಳಗಿನ ಒತ್ತಡ ತಡೆಯಲಾರದೆ ಪಕ್ಕದಲ್ಲೋ ತಳದಲ್ಲೋ ಒಡೆದುಕೊಳ್ಳುತ್ತದೆ. ಬ್ಲೇಡಿನಿಂದ ಗೀರಿದ ಕಡೆ ಬಿಡದೆ ಬೇರೆಲ್ಲೋ ಬಿರುಕು ಬಿಟ್ಟಿದ್ದರೆ, ಮೇಲೆ ಸುಣ್ಣ ಬಳಿದಂಥ ಮಂಕು ಬಣ್ಣವಿದ್ದರೆ, ಹಬೆ ಸಾಲಲಿಲ್ಲ ಎಂದು ತಿಳಿಯಬೇಕು.

ಇದನ್ನು ವಿಯೆನ್ನಾದ ಬೇಕರಿಗಳು ಬಹಳ ಹಿಂದೆಯೇ ಕಂಡುಕೊಂಡಿದ್ದವು. 1830ರ ದಶಕದ ಕೊನೆಗೆ ಆಗಸ್ಟ್ ಜಾಂಗ್ ಎಂಬಾತ ಪ್ಯಾರಿಸ್ಸಿನಲ್ಲಿ ವಿಯೆನ್ನಾ ಬೇಕರಿ ತೆರೆದು ಹಬೆಯ ಓವನ್ನಿನಲ್ಲಿ ಬೇಯಿಸಿದ ಹೊಳೆಯುವ ಬ್ರೆಡ್ಡಿಗೆ ಫ್ರೆಂಚರನ್ನು ಮರುಳು ಮಾಡಿದ. ಬೇಕರಿ ಹೆಸರು ಮಾಡಿದ ಮೇಲೆ ವಿಯೆನ್ನಾಗೆ ಮರಳಿ 1848ರಲ್ಲಿ ‘ಡೀ ಪ್ರೆಸ್ಸೆ’ ಎಂಬ ಪತ್ರಿಕೆ ಆರಂಭಿಸಿದ. ಆ ಹೆಸರಿನ ಪತ್ರಿಕೆ ಇಂದಿಗೂ ಅಲ್ಲಿ ಬರುತ್ತಿದೆ.

ಜಾಂಗ್‌ನ ಓವನ್ ನಮ್ಮ ಮನೆಯ ಓಟಿಜಿ ಅಲ್ಲ ಎಂಬುದೇ ತೊಂದರೆ. ಓಟಿಜಿಯ ಬಾಗಿಲು ಗಾಳಿ ಬಿಗಿಯಾಗಿ ಮುಚ್ಚುವುದಿಲ್ಲ. ಒಳಗೊಂದು ಬಟ್ಟಲು ನೀರಿಟ್ಟರೆ ಅದು ಕುದಿಯುವಷ್ಟರಲ್ಲಿ ಹಬೆ ಬೇಕಿದ್ದ ಹೊತ್ತು ಮುಗಿದಿರುತ್ತದೆ, ಹುಟ್ಟಿದ ಹಬೆಯೂ ಸಂದಿಯಲ್ಲಿ ಸೋರಿಹೋಗುತ್ತದೆ. ಬಿಸಿಯಾದ ರಾಡಿನ ಮೇಲೆ ನೀರು ಚಿಮುಕಿಸುವುದು ಅಪಾಯ, ಅದು ವಿದ್ಯುತ್ ಹರಿಯುವ ರಾಡು. ಬಾಗಿಲಿನ ಕಾದ ಗಾಜಿಗೆ ತಣ್ಣೀರು ತಾಗಿದರೆ ಗಾಜು ಸೀಳುತ್ತದೆ. ದಾರಿ ಒಂದೇ: ಓವನ್ನನ್ನು ಹಬೆಯಿಂದ ತುಂಬುವ ಬದಲು ಬ್ರೆಡ್ಡನ್ನು ಸಣ್ಣ ಮುಚ್ಚಿದ ಪಾತ್ರೆಯಲ್ಲಿಡುವುದು. ಬಿಸಿ ಓವನ್ನಿನಲ್ಲಿ ಒಂದು ಗ್ರಾಂ ನೀರು ಎರಡು ಲೀಟರಿಗೂ ಹೆಚ್ಚು ಹಬೆಯಾಗುತ್ತದೆ. ನಾಲ್ಕು ಲೀಟರ್ ಪಾತ್ರೆ ತುಂಬಲು ಎರಡು ಗ್ರಾಂ ಸಾಕು, ಅಷ್ಟನ್ನು ಹಿಟ್ಟು ತಾನೇ ಬಿಡುತ್ತದೆ. ನೀವು ಒಂದು ಹನಿಯನ್ನೂ ಹಾಕಬೇಕಿಲ್ಲ.

ಒಂದು ಉಂಡೆ ಬ್ರೆಡ್ಡಿನ ಲೆಕ್ಕ ಹಿಡಿಯೋಣ. 300 ಗ್ರಾಂ ಮೈದಾ, 195 ಗ್ರಾಂ ನೀರು, 6 ಗ್ರಾಂ ಉಪ್ಪು, 3 ಗ್ರಾಂ ಇನ್‌ಸ್ಟಂಟ್ ಈಸ್ಟ್, ಒಟ್ಟು 504 ಗ್ರಾಂ. ನಾದಿ, ಎರಡು ಪಟ್ಟು ಉಬ್ಬಲು ಬಿಟ್ಟು, ಉಂಡೆ ಕಟ್ಟಿ ಮತ್ತೊಮ್ಮೆ ಉಬ್ಬಿಸುವುದು ಎಲ್ಲರಿಗೂ ಗೊತ್ತಿರುವ ಕೆಲಸ. ಎರಡನೇ ಸಲ ಉಬ್ಬುತ್ತಿರುವಾಗಲೇ ಎರಕದ ಕಬ್ಬಿಣದ ಬಾಣಲೆಯನ್ನೂ, ಅದರ ಮೇಲೆ ಕವುಚಲು ಒಂದು ಸ್ಟೀಲ್ ಪಾತ್ರೆಯನ್ನೂ ಓವನ್ನಿನಲ್ಲಿಟ್ಟು 230ಕ್ಕೆ ಹಾಕಿ. ಪ್ಲಾಸ್ಟಿಕ್ ಹಿಡಿ ಇರುವ ಪಾತ್ರೆ ಬೇಡ, ರಬ್ಬರ್ ಗ್ಯಾಸ್ಕೆಟ್ ಇರುವ ಕುಕ್ಕರ್ ಮುಚ್ಚಳವೂ ಬೇಡ. ದೀಪ ಆರಿತೆಂದರೆ ಗಾಳಿ ಬಿಸಿಯಾಯಿತು ಎಂದಷ್ಟೇ, ಕಬ್ಬಿಣ ಬಿಸಿಯಾಗಲು 40 ನಿಮಿಷ ಬೇಕು. ಓಟಿಜಿಯ ತಿರುಗುಬಟನ್ ಹೇಳುವುದಕ್ಕೂ ಒಳಗಿರುವುದಕ್ಕೂ 20 ಡಿಗ್ರಿ ವ್ಯತ್ಯಾಸ ಸಾಮಾನ್ಯ. ಜಾಲರಿಗೆ ನೇತುಹಾಕುವ ಸಣ್ಣ ಓವನ್ ಥರ್ಮಾಮೀಟರನ್ನು ನಂಬಿ, ಬಟನನ್ನಲ್ಲ.

ಬಟರ್ ಪೇಪರ್ ಮೇಲಿಟ್ಟ ಉಂಡೆಯನ್ನು ಅರ್ಧ ಸೆಂಟಿಮೀಟರ್ ಆಳಕ್ಕೆ ಗೀರಿ, ಪೇಪರ್ ಸಮೇತ ಬಾಣಲೆಗೆ ಇಳಿಸಿ, ಪಾತ್ರೆ ಕವುಚಿ, ಬಾಗಿಲು ಹಾಕಿ. 20 ನಿಮಿಷ ತೆರೆಯಲೇಬೇಡಿ. ಆಮೇಲೆ ಕವುಚಿದ ಪಾತ್ರೆ ತೆಗೆದಾಗ ಉಂಡೆ ಪೂರಾ ಉಬ್ಬಿ, ಬಣ್ಣ ಮಾತ್ರ ಬಿಳಿಚಿಕೊಂಡಿರುತ್ತದೆ. ಗಾಬರಿ ಬೇಡ, ಒದ್ದೆ ಮೈ ಕಂದಾಗುವುದಿಲ್ಲ. ಇನ್ನು ಬೇಕಾದದ್ದು ಒಣ ಶಾಖ. ಹಬೆ ಹೆಚ್ಚು ಹೊತ್ತು ಉಳಿದರೆ ಹೊರಪದರ ದಪ್ಪಗಾಗಿ, ಚರ್ಮದಂತೆ ಜಗ್ಗುತ್ತದೆ. ಓವನ್ನನ್ನು 210ಕ್ಕೆ ಇಳಿಸಿ ಹದಿನೈದಿಪ್ಪತ್ತು ನಿಮಿಷ ಬಿಡಿ.

ಈಗ ಥರ್ಮಾಮೀಟರ್. ಮೇಲಿನಿಂದಲ್ಲ, ಪಕ್ಕದಿಂದ ಚುಚ್ಚಿ, ಮೊನೆ ನಟ್ಟನಡುವೆ ನಿಲ್ಲಬೇಕು, ಬಾಣಲೆಗೆ ತಾಗಬಾರದು. 40ರಿಂದ 90ರವರೆಗೆ ಬಿರಬಿರನೆ ಏರುವ ಅಂಕಿ 94ರ ನಂತರ ತೆವಳತೊಡಗುತ್ತದೆ, ಮೇಲಿನ ಮಿತಿ ಹತ್ತಿರವಾದ್ದರಿಂದ. ಆದ್ದರಿಂದಲೇ ನಮ್ಮೂರಲ್ಲಿ ಕೊನೆಯ ಹಂತಕ್ಕೆ ಥರ್ಮಾಮೀಟರ್ ಅಷ್ಟು ಒಳ್ಳೆಯ ಸಾಕ್ಷಿಯಲ್ಲ. ಮೂವತ್ತನೇ ನಿಮಿಷದಲ್ಲಿ 95 ಇದ್ದದ್ದು ನಲವತ್ತನೇ ನಿಮಿಷದಲ್ಲಿ 97 ಆಗಿರಬಹುದು. ಎರಡೇ ಡಿಗ್ರಿ ಅಂತರ, ಆದರೆ ಆ ಹತ್ತು ನಿಮಿಷದಲ್ಲಿ ಬ್ರೆಡ್ ಕಳೆದುಕೊಂಡ ನೀರು ಕಡಿಮೆಯಲ್ಲ. ಆ ನೀರನ್ನು ಅಳೆಯುವ ಸಾಧನ ತಕ್ಕಡಿ. ಇಂಥ ಬ್ರೆಡ್ ಚೆನ್ನಾಗಿ ಬೇಯುವಾಗ ತೂಕದಲ್ಲಿ ಸುಮಾರು ಶೇಕಡಾ 12 ಕಳೆದುಕೊಳ್ಳುತ್ತದೆ. ನಮ್ಮ 504 ಗ್ರಾಂ ಹಿಟ್ಟು 440ರಿಂದ 445 ಗ್ರಾಮಿಗೆ ಇಳಿದಿರಬೇಕು. 95 ಡಿಗ್ರಿ ಇದ್ದೂ 465 ಗ್ರಾಂ ತೂಗಿದರೆ ಒಳಗೆ ನೀರು ಹೆಚ್ಚಿದೆ, ತಣ್ಣಗಾಗುತ್ತ ಆ ತೇವ ಹೊರಕ್ಕೆ ಬಂದು ಚಟಚಟ ಎನ್ನುತ್ತಿದ್ದ ಹೊರಪದರ ಅರ್ಧ ಗಂಟೆಯಲ್ಲಿ ಮೆತ್ತಗಾಗುತ್ತದೆ. ಇನ್ನೂ ಏಳೆಂಟು ನಿಮಿಷ ಒಳಗಿಡಿ. 420ಕ್ಕೆ ಇಳಿದಿದ್ದರೆ ಹೊತ್ತು ಮೀರಿದೆ, ಮರುದಿನ ಅದು ಗಂಟಲಲ್ಲಿ ಇಳಿಯುವುದಿಲ್ಲ.

ಅಂಕಿಯೂ ತೂಕವೂ ಸರಿಯಿದ್ದು ತಿರುಳು ಅಂಟಂಟಾಗಿದೆ ಎಂದು ದೂರುವವರು ಸಾಮಾನ್ಯವಾಗಿ ಬಿಸಿಬಿಸಿಯಾಗಿಯೇ ಕತ್ತರಿಸಿದವರು. ಉಬ್ಬಿದ ಪಿಷ್ಟ ಗಟ್ಟಿಗೊಳ್ಳುವುದು ತಣ್ಣಗಾಗುವಾಗ. ಜಾಲರಿಯ ಮೇಲೆ, ತಳಕ್ಕೂ ಗಾಳಿ ಆಡುವಂತೆ, ಕನಿಷ್ಠ ಒಂದು ಗಂಟೆ ಇಡಬೇಕು. ಮಳೆಗಾಲದ ತೇವದ ದಿನವಾದರೆ ಓವನ್ ಆರಿಸಿ, ಬಾಗಿಲು ಎರಡು ಬೆರಳಷ್ಟು ತೆರೆದು, ಬ್ರೆಡ್ಡನ್ನು ಇನ್ನೂ ಹತ್ತು ನಿಮಿಷ ಅದರೊಳಗೇ ಬಿಟ್ಟು ಆಮೇಲೆ ಜಾಲರಿಗೆ ತೆಗೆಯಿರಿ.