‘ಕೊಂದೆ ನೀನು’: ಸಂದರ್ಭದ ಪ್ರಶ್ನೆಗೂ ದೀರ್ಘ ಉತ್ತರಕ್ಕೂ ಒಂದೇ ಸಾಲು

ಹತ್ತನೆಯ ತರಗತಿಯ ಪ್ರಥಮ ಭಾಷೆ ಕನ್ನಡದಲ್ಲಿ ಸಂದರ್ಭ ಸಹಿತ ಸ್ವಾರಸ್ಯ ಬರೆಯುವ ಪ್ರಶ್ನೆಗೆ ಮಕ್ಕಳು ಆಯ್ಕೆ, ಸಂದರ್ಭ, ಸ್ವಾರಸ್ಯ ಎಂಬ ಮೂರು ಭಾಗಗಳನ್ನು ತಪ್ಪದೆ ಬರೆಯುತ್ತಾರೆ. ಆದರೆ ಅಂಕ ಹೋಗುವುದು ಸಾಮಾನ್ಯವಾಗಿ ಸ್ವಾರಸ್ಯದಲ್ಲಿ, ಏಕೆಂದರೆ ಅಲ್ಲಿ ಸಂದರ್ಭದ ಕಥೆಯೇ ಬೇರೆ ಮಾತುಗಳಲ್ಲಿ ಮತ್ತೆ ಬಂದಿರುತ್ತದೆ.

ಕುಮಾರವ್ಯಾಸನ ಉದ್ಯೋಗಪರ್ವದಲ್ಲಿ ಕೃಷ್ಣನು ಕರ್ಣನಿಗೆ ಜನ್ಮರಹಸ್ಯ ತಿಳಿಸುವ ಭಾಗವನ್ನು ನೋಡೋಣ. ‘ಕೌರವೇಂದ್ರನ ಕೊಂದೆ ನೀನೆಂದ’ ಎಂಬ ಮಾತನ್ನು ಕರ್ಣನು ಕೃಷ್ಣನಿಗೆ ಹೇಳುತ್ತಾನೆ. ರಾಜ್ಯದ ಸಿರಿಗೆ ತಾನು ಸೋಲುವವನಲ್ಲವೆಂದೂ, ತನ್ನನ್ನು ಹೊರೆದ ಒಡೆಯನಿಗೆ ಹಗೆಗಳ ತಲೆಯನ್ನು ಅರಿದು ಒಪ್ಪಿಸುವ ಉತ್ಸಾಹದಲ್ಲಿದ್ದೆನೆಂದೂ ಹೇಳಿದ ಮೇಲೆ ಈ ಮಾತು ಬರುತ್ತದೆ. ಇಷ್ಟು ಸಂದರ್ಭ. ಸ್ವಾರಸ್ಯ ಇರುವುದು ಕ್ರಿಯಾಪದದಲ್ಲಿ. ದುರ್ಯೋಧನ ಇನ್ನೂ ಬದುಕಿದ್ದಾನೆ, ಯುದ್ಧವೂ ಆರಂಭವಾಗಿಲ್ಲ. ಆದರೂ ಕರ್ಣ ‘ಕೊಲ್ಲುವೆ’ ಎನ್ನದೆ ‘ಕೊಂದೆ’ ಎನ್ನುತ್ತಾನೆ. ಪಾಂಡವರು ತಮ್ಮಂದಿರೆಂದು ತಿಳಿದ ಕೈ ಮೊದಲಿನಂತೆ ಬಾಣ ಬಿಡಲಾರದು, ಆದ್ದರಿಂದ ಒಡೆಯನ ಸೋಲು ಈ ಕ್ಷಣದಲ್ಲೇ ಮುಗಿದುಹೋಯಿತು ಎಂಬ ಅರಿವು ಆ ಭೂತಕಾಲದಲ್ಲಿದೆ. ಇದನ್ನು ಎರಡು ವಾಕ್ಯಗಳಲ್ಲಿ ಬರೆದರೆ ಸಾಕು.

ಸಂದರ್ಭ ಬರೆಯುವಾಗ ಆಗುವ ಒಂದು ತಪ್ಪನ್ನೂ ಹೇಳಬೇಕು. ಅದೇ ಭಾಗದ ‘ಬಿತ್ತಿದನು ಭಯವ’ ಎಂಬುದನ್ನು ಹಲವರು ಕೃಷ್ಣನ ಮಾತೆಂದೇ ಬರೆಯುತ್ತಾರೆ. ಅದು ಕವಿಯ ಮಾತು. ಸಾಲಿನಲ್ಲಿ ‘ನಾನು’ ಅಥವಾ ‘ನೀನು’ ಇಲ್ಲದೆ ಕ್ರಿಯಾಪದ ‘ಅವನು’ ಎಂಬುದಕ್ಕೆ ಹೊಂದುವಂತಿದ್ದರೆ, ಅದು ನಿರೂಪಣೆಯೇ ಎಂದು ಒಮ್ಮೆ ಪರಿಶೀಲಿಸಬೇಕು.

ದೀರ್ಘ ಉತ್ತರಕ್ಕಾಗಿ ಇಡೀ ಷಟ್ಪದಿಯನ್ನು ಬಾಯಿಪಾಠ ಮಾಡಿದವರು ಅದನ್ನು ಉತ್ತರದಲ್ಲಿ ಎಲ್ಲಿ ಇಡಬೇಕೆಂದು ತಿಳಿಯದೆ ಕೊನೆಯಲ್ಲಿ ಅಂಟಿಸುವುದನ್ನು ಬಹಳ ಕಂಡಿದ್ದೇನೆ. ನಾನು ಈ ಭಾಗದಿಂದ ಮೂರೇ ತುಣುಕುಗಳನ್ನು ಕಲಿಸುತ್ತೇನೆ: ‘ಬಿತ್ತಿದನು ಭಯವ’, ‘ಹೊರೆದ ದಾತಾರಂಗೆ’, ‘ಕೊಂದೆ ನೀನು’. ಪ್ರತಿಯೊಂದನ್ನೂ ಕನಿಷ್ಠ ಎರಡು ಪ್ರಶ್ನೆಗಳಿಗೆ ಹೊಂದಿಸಿ ಬರೆಸುತ್ತೇನೆ. ಕರ್ಣನ ಸ್ವಾಮಿನಿಷ್ಠೆಯನ್ನು ಕೇಳಿದರೆ, ‘ಕೊಂದೆ ನೀನು’ ಎಂದು ಒಡೆಯನಿಗಾಗಿ ಮರುಗುವ ಕರ್ಣನು ತನಗೆ ದಕ್ಕಬಹುದಾದ ಸಿಂಹಾಸನದ ಕಡೆ ತಿರುಗಿಯೂ ನೋಡುವುದಿಲ್ಲ ಎಂದು ಬರೆಯಬಹುದು. ಕೃಷ್ಣನ ತಂತ್ರವನ್ನು ಕೇಳಿದರೆ, ಆಯುಧವೆತ್ತದೆ ಕಿವಿಯಲ್ಲಿ ಹೇಳಿದ ಒಂದು ಸತ್ಯದಿಂದಲೇ ಕೃಷ್ಣನು ಎದುರಾಳಿಯ ಬಲ ಕುಂದಿಸಿದನೆಂಬುದನ್ನು ‘ಕೊಂದೆ ನೀನು’ ಎಂಬ ಕರ್ಣನ ಮಾತೇ ಒಪ್ಪಿಕೊಳ್ಳುತ್ತದೆ ಎಂದು ಬರೆಯಬಹುದು. ತುಣುಕು ಒಂದೇ, ಅದರ ಸುತ್ತಲಿನ ವಾಕ್ಯ ಮಾತ್ರ ಬೇರೆ.

ಹೊಂದಿಸುವುದೆಂದರೆ ಕವಿಯ ಪದವನ್ನು ತಿದ್ದುವುದಲ್ಲ. ‘ದಾತಾರಂಗೆ’ ಎಂಬುದನ್ನು ಉದ್ಧರಣ ಚಿಹ್ನೆಯೊಳಗೆ ‘ದಾತಾರನಿಗೆ’ ಎಂದು ಬದಲಿಸಬಾರದು. ‘ಎಂಬ’, ‘ಎಂದು’, ‘ಎನ್ನುವಾಗ’ ಮುಂತಾದ ಪದಗಳನ್ನು ಚಿಹ್ನೆಯ ಹೊರಗೆ ಸೇರಿಸಿದರೆ ವಾಕ್ಯ ತಾನಾಗಿ ಕೂಡಿಕೊಳ್ಳುತ್ತದೆ. ಪದ ನೆನಪಾಗದಿದ್ದರೆ ಚಿಹ್ನೆಯಿಲ್ಲದೆ ಭಾವವನ್ನು ಹೊಸಗನ್ನಡದಲ್ಲಿ ಬರೆಯುವುದೇ ಸರಿ.