ಡ್ರೈವರ್ ಹಾಕುವ ಮೊದಲು ಕೇಬಲ್ ನೋಡಿ

ತಿಪಟೂರಿನ ಒಂದು ಜೆರಾಕ್ಸ್ ಅಂಗಡಿಯಿಂದ ಬೆಳಿಗ್ಗೆ ಹತ್ತಕ್ಕೆ ಫೋನ್ ಬಂತು. "ಸರ್, ಪ್ರಿಂಟರ್ ಸಿಗ್ತಾನೇ ಇಲ್ಲ. ಡ್ರೈವರ್ ತೆಗೆದು ಮೂರು ಸಲ ಹಾಕಿದ್ವಿ. ಪಹಣಿ ತಗೊಳ್ಳೋಕೆ ಜನ ನಿಂತಿದ್ದಾರೆ."

"ಅಕ್ಕಾ, ಅಂಗಡಿಯಲ್ಲಿ ಏನಾದ್ರೂ ಬದಲಾಯಿಸಿದ್ರಾ?"

"ಪ್ರಿಂಟರ್‌ನ ಆ ಕಡೆ ಗೋಡೆಗೆ ಇಟ್ವಿ, ಅಷ್ಟೇ."

ನನಗೆ ಅಷ್ಟು ಸಾಕಾಯಿತು. ಹೊರಡುವ ಮೊದಲು ಡ್ರೈವರ್ ಮುಟ್ಟಬೇಡಿ ಎಂದು ಹೇಳಿದೆ. ಪ್ರಿಂಟರ್ ಬಂದಿದೆ ಅಂತ ಕಂಪ್ಯೂಟರ್‌ಗೆ ಗೊತ್ತಾದ ಮೇಲೆ ಡ್ರೈವರ್‌ನ ಕೆಲಸ ಶುರುವಾಗುತ್ತದೆ. ಅದೇ ಗೊತ್ತಾಗದಿದ್ದರೆ ಹತ್ತು ಸಲ ಹಾಕಿದರೂ ಅಷ್ಟೇ.

ಗೊತ್ತಾಗಿದೆಯೋ ಇಲ್ಲವೋ ಎಂದು ನೋಡುವುದು ಸುಲಭ. ವಿಂಡೋಸ್‌ನಲ್ಲಿ ವಿಂಡೋಸ್ ಕೀ ಜೊತೆ R ಒತ್ತಿ ಇದನ್ನು ಟೈಪ್ ಮಾಡಿ Enter ಒತ್ತಿ:

```
devmgmt.msc
```

ಡಿವೈಸ್‌ಗಳ ಪಟ್ಟಿ ತೆರೆಯುತ್ತದೆ. ಅದರ ಕೊನೆಯ ಕಡೆ ಇರುವ Universal Serial Bus controllers ಅನ್ನು ಬಿಡಿಸಿ ಇಟ್ಟುಕೊಳ್ಳಿ. ಪ್ರಿಂಟರ್ ಆನ್ ಇರಲಿ. ಈಗ ಪಟ್ಟಿಯ ಮೇಲೆ ಕಣ್ಣಿಟ್ಟು ಕೇಬಲ್ ತೆಗೆಯಿರಿ, ಐದು ಎಣಿಸಿ, ಮತ್ತೆ ಚುಚ್ಚಿ. ಪ್ರತಿ ಸಲ ಪಟ್ಟಿ ಒಮ್ಮೆ ಮಿಣುಕಿ ಹೊಸದಾಗಿ ಮೂಡಬೇಕು. USB Printing Support ಎಂಬ ಸಾಲು ಬಂದರೆ ಕೇಬಲ್, ಹಬ್, ಪೋರ್ಟ್ ಎಲ್ಲವೂ ಹೆಚ್ಚಾಗಿ ಸರಿ ಇರುತ್ತವೆ. Other devices ಕೆಳಗೆ ಪ್ರಿಂಟರ್ ಹೆಸರು ಹಳದಿ ಗುರುತಿನ ಜೊತೆ ಬಂದರೂ ಕೇಬಲ್ ಸರಿ ಇದೆ, ಡ್ರೈವರ್ ಹಾಕಿದರೆ ಆಯಿತು. Unknown USB Device (Device Descriptor Request Failed) ಎಂದು ಬಂದರೆ ಅಥವಾ ಪಟ್ಟಿ ಅಲುಗಾಡದೇ ಇದ್ದರೆ ಮಾತ್ರ ಕೇಬಲ್ ಕಡೆ ತಿರುಗಬೇಕು.

ಈ ಕೊನೆಯ ಎರಡರ ನಡುವೆ ವ್ಯತ್ಯಾಸ ಏಕೆ ಅಂದರೆ, ಯುಎಸ್‌ಬಿ ಕೇಬಲ್‌ನಲ್ಲಿ ಸಾಮಾನ್ಯವಾಗಿ ನಾಲ್ಕು ವೈರ್ ಇರುತ್ತವೆ. ಕೆಂಪು ಮತ್ತು ಕಪ್ಪು ಕರೆಂಟಿಗೆ, ಹಸಿರು ಮತ್ತು ಬಿಳಿ ಡೇಟಾಗೆ. ಪ್ರಿಂಟರ್‌ಗೆ ಅದರದೇ ಪವರ್ ಇದ್ದರೂ, ಕೆಂಪು ವೈರ್‌ನಲ್ಲಿ 5 ವೋಲ್ಟ್ ಬಂದಾಗಲೇ ಆ ಕಡೆ ಕಂಪ್ಯೂಟರ್ ಇದೆ ಎಂದು ಅದಕ್ಕೆ ತಿಳಿಯುತ್ತದೆ. ಆಗ ಅದು ಹಸಿರು ವೈರ್‌ನ ವೋಲ್ಟೇಜ್ ಏರಿಸುತ್ತದೆ. ಏನೋ ಬಂತು ಎಂದು ಕಂಪ್ಯೂಟರ್ ಎಚ್ಚರಾಗುವುದು ಇದರಿಂದ. ಆಮೇಲೆ "ಯಾರು ನೀನು" ಎಂದು ಕೇಳುತ್ತದೆ. ಕೆಂಪೋ ಹಸಿರೋ ಕಡಿದಿದ್ದರೆ ಪಟ್ಟಿ ಅಲುಗಾಡುವುದೇ ಇಲ್ಲ. ವೈರ್ ಇದ್ದೂ ಉತ್ತರ ದಾರಿಯಲ್ಲಿ ಕೆಟ್ಟುಹೋದರೆ Unknown ಬರುತ್ತದೆ. ಹಾಗಾಗಿ ಆ ಸಾಲು ಕಂಡಾಗ ನನಗೆ ಸ್ವಲ್ಪ ಸಮಾಧಾನವೇ ಆಗುತ್ತದೆ. ಕಂಪ್ಯೂಟರ್‌ಗೆ ಪ್ರಿಂಟರ್ ಬಂದದ್ದು ಗೊತ್ತಾಗಿದೆ, ಅದರ ಮಾತು ಮಾತ್ರ ತಿಳಿಯುತ್ತಿಲ್ಲ.

ಅಂಗಡಿಗೆ ಹೋಗಿ ನೋಡಿದೆ. ಕಂಪ್ಯೂಟರ್‌ನ ಮುಂದಿನ ಪೋರ್ಟ್‌ಗೆ ನಾಲ್ಕು ಬಾಯಿಯ ಸಣ್ಣ ಹಬ್, ಅದಕ್ಕೆ ಅಡಾಪ್ಟರ್ ಇಲ್ಲ. ಹಬ್‌ಗೆ 3 ಮೀಟರ್ ಎಕ್ಸ್‌ಟೆನ್ಶನ್ ಕೇಬಲ್. ಅದರ ತುದಿಗೆ ಪ್ರಿಂಟರ್‌ನ 3 ಮೀಟರ್ ಕೇಬಲ್. ಪಟ್ಟಿಯಲ್ಲಿ ಒಮ್ಮೆ Unknown, ಕೇಬಲ್ ಅಲುಗಿಸಿದರೆ ಏನೂ ಇಲ್ಲ.

ಮೊದಲು ಪ್ರಿಂಟರ್ ಬಟನ್ ಒತ್ತಿ ಹಿಡಿದು ಟೆಸ್ಟ್ ಪೇಜ್ ತೆಗೆದೆ. ಚೆನ್ನಾಗಿ ಬಂತು. ಮಷೀನ್ ಸರಿ ಇದೆ ಎಂದು ಅಕ್ಕನಿಗೂ ಧೈರ್ಯ ಬಂತು. ಮುಂದಿನ ಪೋರ್ಟ್‌ಗೆ ಪೆನ್‌ಡ್ರೈವ್ ಚುಚ್ಚಿದೆ, ಓದಿತು. ಪೋರ್ಟ್ ಸತ್ತಿಲ್ಲ. ಆದರೂ ನಾನು ಮುಂದಿನ ಪೋರ್ಟ್ ನಂಬುವುದಿಲ್ಲ. ಡೆಸ್ಕ್‌ಟಾಪ್‌ನ ಹಿಂದಿನ ಪೋರ್ಟ್‌ಗಳು ಮದರ್‌ಬೋರ್ಡ್‌ಗೇ ಬೆಸುಗೆ ಆಗಿರುತ್ತವೆ. ಮುಂದಿನವು ಕ್ಯಾಬಿನೆಟ್ ಒಳಗಿನ ತೆಳು ವೈರ್ ಮೂಲಕ ಬರುತ್ತವೆ, ದಿನಾ ಪೆನ್‌ಡ್ರೈವ್ ಚುಚ್ಚಿ ಸಡಿಲವೂ ಆಗಿರುತ್ತವೆ.

ಆಮೇಲೆ ಎಲ್ಲವನ್ನೂ ಕಿತ್ತು, ಬ್ಯಾಗ್‌ನಲ್ಲಿ ಸದಾ ಇಟ್ಟುಕೊಳ್ಳುವ 1.5 ಮೀಟರ್ ಕೇಬಲ್‌ನಿಂದ ಪ್ರಿಂಟರ್ ಅನ್ನು ನೇರ ಹಿಂದಿನ ಪೋರ್ಟ್‌ಗೆ ಹಾಕಿದೆ. ತಕ್ಷಣ USB Printing Support ಬಂತು. ಬಹಳ ಜನ ಇಲ್ಲೇ ನಿಲ್ಲಿಸುತ್ತಾರೆ. ನನಗೆ ಕಾರಣ ಬೇಕು, ಇಲ್ಲದಿದ್ದರೆ ಅದೇ ಕೇಬಲ್ ಮುಂದಿನ ವಾರ ಮತ್ತೆ ಸೇರಿಕೊಳ್ಳುತ್ತದೆ. ಒಂದೊಂದಾಗಿ ಸೇರಿಸುತ್ತಾ ಬಂದೆ. ಅವರ 3 ಮೀಟರ್ ಕೇಬಲ್ ನೇರ ಹಾಕಿದೆ, ಸರಿ. ನಡುವೆ ಹಬ್ ಸೇರಿಸಿದೆ, ಆಗಲೂ ಸರಿ. ಹಬ್ ತೆಗೆದು ನನ್ನ 1.5 ಮೀಟರ್ ಕೇಬಲ್‌ಗೆ ಎಕ್ಸ್‌ಟೆನ್ಶನ್ ಜೋಡಿಸಿದೆ, Unknown. ಒಟ್ಟು 4.5 ಮೀಟರ್ ಮಾತ್ರ. ಯುಎಸ್‌ಬಿ 2.0 ಕೇಬಲ್‌ಗೆ 5 ಮೀಟರ್‌ವರೆಗೆ ಮಿತಿ ಇದೆ. ಅದರ ಒಳಗಿದ್ದೂ ಸೋತಿದೆ ಅಂದರೆ ಕೇಬಲ್ಲೇ ಕಳಪೆ.

ಒಳ್ಳೆಯ ಕೇಬಲ್‌ನ ಮೈಮೇಲೆ ಸಣ್ಣ ಅಕ್ಷರದಲ್ಲಿ 28AWG/1P 24AWG/2C ಎಂಬಂತೆ ಅಚ್ಚು ಇರುತ್ತದೆ. 1P ಅಂದರೆ ಡೇಟಾದ ಒಂದು ಜೋಡಿ, ಹೆಣೆದದ್ದು. 2C ಅಂದರೆ ಕರೆಂಟಿನ ಎರಡು ವೈರ್. AWG ಜೊತೆಗಿನ ಅಂಕಿ ಕಡಿಮೆ ಆದಷ್ಟೂ ವೈರ್ ದಪ್ಪ. ಪ್ರಿಂಟರ್‌ಗೆ ಕರೆಂಟಿನ ವೈರ್‌ಗಿಂತ ಆ ಹೆಣೆದ ಜೋಡಿ ಮತ್ತು ಅದರ ಸುತ್ತಲಿನ ಕವಚ ಮುಖ್ಯ. ಎಕ್ಸ್‌ಟೆನ್ಶನ್ ಮೇಲೆ ಒಂದಕ್ಷರವೂ ಇರಲಿಲ್ಲ. ಅಕ್ಕನನ್ನು ಕೇಳಿ ಅದನ್ನು ಕತ್ತರಿಸಿದೆ. ನಾಲ್ಕು ವೈರ್ ಪಕ್ಕಪಕ್ಕ ಮಲಗಿದ್ದವು. ಹೆಣಿಗೆ ಇಲ್ಲ, ಫಾಯಿಲ್ ಇಲ್ಲ, ಜಾಲರಿ ಇಲ್ಲ. ಇಂಥದ್ದರಲ್ಲಿ ಮೌಸ್ ನಡೆಯುತ್ತದೆ, ಅದರ ವೇಗ ಕಡಿಮೆ. ಪ್ರಿಂಟರ್ ಮೊದಲು 12 ಮೆಗಾಬಿಟ್ ವೇಗದಲ್ಲಿ ಪರಿಚಯವಾಗಿ, ಆಮೇಲೆ 480ಕ್ಕೆ ಏರುತ್ತದೆ. ಕೆಟ್ಟ ಕೇಬಲ್ ಅಲ್ಲಿ ಎಡವುತ್ತದೆ. ಕೆಲವೊಮ್ಮೆ ಪರಿಚಯವೂ ಆಗಿ, ಪುಟ ಅರ್ಧ ಬಂದ ಮೇಲೆ ಕೈಕೊಡುತ್ತದೆ.

ಹಬ್ ಇಲ್ಲಿ ತಪ್ಪು ಮಾಡಿರಲಿಲ್ಲ. ಆದರೆ ಅಡಾಪ್ಟರ್ ಇಲ್ಲದ ಹಬ್ ಯುಎಸ್‌ಬಿ 2.0 ಪೋರ್ಟ್‌ನ 500 ಮಿಲಿಆಂಪ್ ಅನ್ನೇ ಎಲ್ಲರಿಗೂ ಹಂಚಬೇಕು. ಅದಕ್ಕೇ ಬಯೋಮೆಟ್ರಿಕ್ ಸ್ಕ್ಯಾನರ್, ವೆಬ್‌ಕ್ಯಾಮ್ ಎಲ್ಲಾ ಸೇರಿದರೆ ವೋಲ್ಟೇಜ್ ಇಳಿದು ಪ್ರಿಂಟರ್ ಮಧ್ಯದಲ್ಲಿ ಮಾಯವಾಗಬಹುದು. ದೂರ ಬೇಕೇ ಬೇಕಾದರೆ ಅಡಾಪ್ಟರ್ ಇರುವ ಹಬ್ ನಡುವೆ ಇಡಿ. ಹಬ್ ಸಿಗ್ನಲ್ ಅನ್ನು ಹೊಸದಾಗಿ ಕಳಿಸುವುದರಿಂದ 5 ಮೀಟರ್ ಲೆಕ್ಕ ಅಲ್ಲಿಂದ ಮತ್ತೆ ಶುರುವಾಗುತ್ತದೆ. ಸುಮ್ನೆ ಎಕ್ಸ್‌ಟೆನ್ಶನ್ ಜೋಡಿಸಿದರೆ ಉದ್ದ ಕೂಡುತ್ತಾ ಹೋಗುತ್ತದೆ ಅಷ್ಟೇ. ಅಕ್ಕನ ಅಂಗಡಿಯಲ್ಲಿ ಕೇಬಲ್ ಅನ್ನು ಗೋಡೆ ಸುತ್ತ ಬಳಸದೆ ಮೇಜಿನ ಕೆಳಗೆ ತಂದೆವು. ಅವರ 3 ಮೀಟರ್ ಕೇಬಲ್ಲೇ ಹಿಂದಿನ ಪೋರ್ಟ್‌ವರೆಗೆ ಸಾಕಾಯಿತು.

ಮುಗಿಯಿತು ಅಂದುಕೊಂಡು ಪಹಣಿ ಪ್ರಿಂಟ್ ಕೊಟ್ಟರು. ಬರಲಿಲ್ಲ! ಪ್ರಿಂಟರ್ Offline. ಅಕ್ಕನ ಮುಖ ಮತ್ತೆ ಬಾಡಿತು. ಇದು ಬೇರೆ ವಿಷಯ. ಪೋರ್ಟ್ ಬದಲಾದಾಗ ವಿಂಡೋಸ್ ಕೆಲವು ಪ್ರಿಂಟರ್‌ಗಳನ್ನು ಹೊಸದು ಎಂದು ತಿಳಿದು, ಹೆಸರಿನ ಕೊನೆಗೆ (Copy 1) ಸೇರಿಸಿ ಇನ್ನೊಂದನ್ನು ಮಾಡಿಕೊಳ್ಳುತ್ತದೆ. ಹಳೆಯದು USB001ನಲ್ಲಿ ಕಾಯುತ್ತಿತ್ತು, ನಿಜವಾದ ಪ್ರಿಂಟರ್ USB002ನಲ್ಲಿತ್ತು. ಹಳೆಯ ಪ್ರಿಂಟರ್‌ನ Printer properties ತೆರೆದು, Ports ಟ್ಯಾಬ್‌ನಲ್ಲಿ USB002ಗೆ ಟಿಕ್ ಹಾಕಿದೆ. ಸಾಲಿನಲ್ಲಿ ನಿಂತಿದ್ದ ಹನ್ನೊಂದು ಪುಟಗಳೂ ಒಂದರ ಹಿಂದೆ ಒಂದು ಬಂದವು. ಆಮೇಲೆ Copy 1 ಅಳಿಸಿದೆವು. ಆ ಹಿಂದಿನ ಪೋರ್ಟ್ ಪಕ್ಕ ಬಿಳಿ ಟೇಪ್ ಅಂಟಿಸಿ "ಪ್ರಿಂಟರ್" ಎಂದು ಬರೆದೆ, ಮತ್ತೆ ಯಾರೂ ಬೇರೆ ಕಡೆ ಚುಚ್ಚದಿರಲಿ ಎಂದು.

ಒಳ್ಳೆಯ ಚಿಕ್ಕ ಕೇಬಲ್, ಹಿಂದಿನ ಪೋರ್ಟ್, ಇನ್ನೊಂದು ಕಂಪ್ಯೂಟರ್, ಎಲ್ಲಾ ನೋಡಿದ ಮೇಲೂ ಪಟ್ಟಿ ಅಲುಗಾಡದಿದ್ದರೆ ಪ್ರಿಂಟರ್‌ನ ಯುಎಸ್‌ಬಿ ಬಾಯಿಯೋ ಅದರ ಬೋರ್ಡೋ ಹೋಗಿದೆ. ಟಾರ್ಚ್ ಹಿಡಿದು ಒಳಗಿನ ಪಿನ್ ಬಾಗಿದೆಯಾ ನೋಡಿ. ಕೇಬಲ್‌ನ ಲೋಹದ ತುದಿ ಮುಟ್ಟಿದಾಗ ಕೈ ಜುಮ್ ಎಂದರೆ ಪ್ಲಗ್ ಪಾಯಿಂಟ್‌ನ ಅರ್ಥಿಂಗ್ ಸರಿ ಇಲ್ಲದಿರಬಹುದು. ಅದನ್ನು ಎಲೆಕ್ಟ್ರಿಷಿಯನ್ ನೋಡಿ ಸರಿ ಮಾಡುವವರೆಗೆ ಹೊಸ ಬೋರ್ಡ್ ಹಾಕಿಸಬೇಡಿ, ಅದೂ ಹೋಗಬಹುದು.